ಹಗುರ ಮಾತಿನ ತೂಕ: ಮೇಲಧಿಕಾರಿಯ ಅನುಚಿತ ನುಡಿ, ಅದರ ದಾಖಲೆ ಮತ್ತು ಆಂತರಿಕ ಸಮಿತಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಣ್ಣ ಉದ್ದಿಮೆಗಳಲ್ಲಿ ಇಂದು ಮಹಿಳೆಯರು ದುಡಿಯದ ಘಟಕಗಳು ವಿರಳ. ಕರದಂಟಿನ ಪ್ಯಾಕಿಂಗ್ ಕೋಣೆ, ಬೆಲ್ಲದ ಮಳಿಗೆ, ಗೊಬ್ಬರ ಮತ್ತು ಬೀಜದ ಅಂಗಡಿಯ ಲೆಕ್ಕಪತ್ರ ವಿಭಾಗ, ಸಹಕಾರಿ ಪತ್ತಿನ ಸಂಘದ ಕೌಂಟರ್, ಹೊಲಿಗೆ ಘಟಕ ಹೀಗೆ ಎಲ್ಲೆಡೆ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದುಹೋಗುವ ಮಹಿಳಾ ನೌಕರರಿದ್ದಾರೆ. ಇಂಥ ಘಟಕಗಳಲ್ಲಿ ಮೇಲಧಿಕಾರಿಯ ಕೆಟ್ಟ ನಡತೆ ಎಂದರೆ ಮೈಮೇಲೆ ಕೈಹಾಕುವುದು ಅಥವಾ ನೇರವಾಗಿ ಅಸಭ್ಯ ಬೇಡಿಕೆ ಇಡುವುದು ಎಂದಷ್ಟೇ ಮಾಲೀಕರು ತಿಳಿದಿರುವುದುಂಟು. ಆದರೆ ನಿಭಾಯಿಸಲು ಹೆಚ್ಚು ಕಷ್ಟವಾದುದು ಬೇರೊಂದಿದೆ. ನಗುತ್ತ ಆಡಿದ, ಎರಡರ್ಥ ಬರುವ, ಕೇಳಿದವರಿಗೆ ಇರುಸುಮುರುಸಾದರೂ ಹೊರಗಿನವರಿಗೆ ಹೇಳಿದಾಗ “ಇದರಲ್ಲೇನಿದೆ?” ಎನಿಸುವ ಮಾತುಗಳವು. ಇಂಥ ಮಾತನ್ನು ಗುರುತಿಸುವುದು ಹೇಗೆ, ಅದನ್ನು ಬರೆದಿಡುವುದು ಹೇಗೆ ಮತ್ತು ಬರೆದಿಟ್ಟದ್ದು ಸಮಿತಿಯ ಮುಂದೆ ಹೇಗೆ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನ ಪರಿಶೀಲಿಸುತ್ತದೆ.

ಕಾನೂನಿನ ಅಡಿಪಾಯ

ರಾಜಸ್ಥಾನದ ಪ್ರಕರಣವೊಂದರಿಂದ ಹೊರಟ ‘ವಿಶಾಖಾ’ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1997ರ ಆಗಸ್ಟ್ 13ರಂದು ತೀರ್ಪು ನೀಡಿ, ಪ್ರತಿ ಉದ್ಯೋಗದಾತನೂ ದೂರು ಸಮಿತಿಯನ್ನು ಹೊಂದಿರಬೇಕೆಂದು ಮಾರ್ಗಸೂಚಿ ಹಾಕಿಕೊಟ್ಟಿತು. ಅದರ ಮುಂದುವರಿಕೆಯಾಗಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ (ತಡೆ, ನಿಷೇಧ ಮತ್ತು ಪರಿಹಾರ) ಕಾಯ್ದೆಯು 2013ರಲ್ಲಿ ಅಂಗೀಕಾರವಾಗಿ ಅದೇ ವರ್ಷದ ಡಿಸೆಂಬರ್ 9ರಿಂದ ಜಾರಿಗೆ ಬಂದಿತು. ಕಾಯ್ದೆಯ ವ್ಯಾಖ್ಯೆಯಲ್ಲಿ ದೈಹಿಕ ಸ್ಪರ್ಶ, ಲೈಂಗಿಕ ಬೇಡಿಕೆ, ಅಶ್ಲೀಲ ಚಿತ್ರ ತೋರಿಸುವುದು ಇವುಗಳ ಜೊತೆಗೆ “ಲೈಂಗಿಕ ಧ್ವನಿಯುಳ್ಳ ಮಾತು” ಕೂಡ ಪ್ರತ್ಯೇಕ ಬಾಬತ್ತಾಗಿಯೇ ಸೇರಿದೆ. ಮಾತು, ಸನ್ನೆ ಅಥವಾ ನಡೆ ಯಾವುದೇ ಇರಲಿ, ಅದು ಲೈಂಗಿಕ ಸ್ವರೂಪದ್ದಾಗಿರಬೇಕು ಮತ್ತು ಆ ಮಹಿಳೆಗೆ ಬೇಡವಾದದ್ದಾಗಿರಬೇಕು ಎಂಬ ಎರಡು ಅಂಶಗಳೇ ವ್ಯಾಖ್ಯೆಯ ತಿರುಳು.

ಅದರೊಡನೆ ಕಾಯ್ದೆಯ 3ನೇ ಕಲಮು ಕೆಲವು ಸಂದರ್ಭಗಳನ್ನು ಹೆಸರಿಸುತ್ತದೆ. ಇಂಥ ನಡತೆಯ ಬೆನ್ನಿಗೆ ಕೆಲಸದಲ್ಲಿ ಅನುಕೂಲ ಮಾಡಿಕೊಡುವ ಆಸೆ, ತೊಂದರೆ ಕೊಡುವ ಬೆದರಿಕೆ, ನೌಕರಿಯ ಭವಿಷ್ಯದ ಬಗ್ಗೆ ಭಯ ಅಥವಾ ಕೆಲಸ ಮಾಡಲಾಗದಂಥ ವಾತಾವರಣ ಇದ್ದರೆ ಅದು ಕಿರುಕುಳವೆನಿಸಬಹುದು. ಆಸೆಯಾಗಲಿ ಬೆದರಿಕೆಯಾಗಲಿ ಬಾಯಿಬಿಟ್ಟು ಹೇಳಿರಲೇಬೇಕೆಂದಿಲ್ಲ, ಸೂಚ್ಯವಾಗಿದ್ದರೂ ಸಾಕು. ಹಗುರ ಮಾತಿಗೆ ತೂಕ ಬರುವುದು ಇಲ್ಲಿಯೇ.

ಗುರುತಿಸುವ ಬಗೆ

ಬೆಳಗಾವಿ ಸೀಮೆಯಲ್ಲಿ ನೌಕರರು ಪರಸ್ಪರ ‘ಅಕ್ಕಾರ’, ‘ತಂಗಿ’, ‘ಅಣ್ಣಾರ’ ಎಂದು ಕರೆಯುವುದು, “ಊಟ ಆತೇನವಾ?” ಎಂದು ವಿಚಾರಿಸುವುದು, ಮಕ್ಕಳ ಓದು, ಅತ್ತೆಯ ಆರೋಗ್ಯ ಕೇಳುವುದು ದಿನನಿತ್ಯದ ಸಂಗತಿ. ಇದು ಸಲುಗೆಯೇ ಹೊರತು ಕಿರುಕುಳವಲ್ಲ. ಲೆಕ್ಕ ತಪ್ಪಾದುದಕ್ಕೆ ವ್ಯವಸ್ಥಾಪಕನು ಗಟ್ಟಿಯಾಗಿ ಗದರಿದರೆ ಅದು ಒರಟುತನವಾಗಬಹುದು, ಬೇರೆ ಬಗೆಯ ದೂರಿಗೂ ಕಾರಣವಾಗಬಹುದು, ಆದರೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಹಾಗಾದರೆ ಗೆರೆ ಎಳೆಯುವುದು ಎಲ್ಲಿ? ಅನುಮಾನ ಬಂದ ಮಾತಿಗೆ ನಾಲ್ಕು ಪ್ರಶ್ನೆಗಳನ್ನು ಹಾಕಿ ನೋಡುವುದು ಉಪಯುಕ್ತ.

ಮೊದಲನೆಯದು, ಮಾತಿನ ವಿಷಯವೇನು? ಕೆಲಸದಿಂದ ಹೊರಳಿ ಮೈಕಟ್ಟು, ಉಡುಗೆ, ಗಂಡನ ಗೈರುಹಾಜರಿ, ರಾತ್ರಿಯ ಹೊತ್ತು ಇವುಗಳ ಕಡೆಗೆ ಅದು ಸಾಗುತ್ತಿದೆಯೇ? ಎರಡನೆಯದು, ಅದೇ ಮಾತನ್ನು ಆ ವ್ಯಕ್ತಿ ಒಬ್ಬ ಪುರುಷ ನೌಕರನಿಗೆ ಅಥವಾ ಮಾಲೀಕರ ಎದುರಿಗೆ ಇದೇ ಧಾಟಿಯಲ್ಲಿ ಆಡುತ್ತಿದ್ದನೇ? ಮೂರನೆಯದು, ಆಕೆ ಮುಖ ತಿರುಗಿಸಿದ ಮೇಲೆ, ಉತ್ತರ ಕೊಡದೆ ಹೋದ ಮೇಲೆ ಅಥವಾ ಬೇಡವೆಂದು ಹೇಳಿದ ಮೇಲೆ ಆ ಮಾತು ನಿಂತಿತೇ, ಇಲ್ಲವೇ ವೇಷ ಬದಲಿಸಿಕೊಂಡು ಮತ್ತೆ ಬಂದಿತೇ? ನಾಲ್ಕನೆಯದು, ಮಾತಿನ ಹಿಂದೆಯೇ ರಜೆ, ಪಾಳಿ, ಸಂಬಳ, ಕುಳಿತು ಮಾಡುವ ಕೆಲಸ ಇವುಗಳಲ್ಲಿ ಏನಾದರೂ ಅಲುಗಾಡಿತೇ? ಮೊದಲ ಪ್ರಶ್ನೆಗೆ ಮಾತ್ರ ಹೌದೆಂಬ ಉತ್ತರ ಬಂದರೆ ಎಚ್ಚರ ಸಾಕು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹೌದೆಂದಾದರೆ ಅದು ದೂರಿನ ವಿಷಯ.

ಈ ಗೆರೆಯ ಎರಡೂ ಬದಿಗಳನ್ನು ತೋರಿಸುವ ಎರಡು ತೀರ್ಪುಗಳು 2025ರಲ್ಲಿ ಹೊರಬಂದವು. ಚೆನ್ನೈನ ಮಾಹಿತಿ ತಂತ್ರಜ್ಞಾನ ಕಂಪನಿಯೊಂದರ ಮೇಲಧಿಕಾರಿಯ ವಿರುದ್ಧ ಮೂವರು ಮಹಿಳೆಯರು ದೂರಿತ್ತಿದ್ದರು. ಕುರ್ಚಿಯ ಹಿಂದೆ ತೀರ ಹತ್ತಿರ ನಿಲ್ಲುವುದು, ಭುಜ ಮುಟ್ಟುವುದು, ಕೈಕುಲುಕಲು ಒತ್ತಾಯಿಸುವುದು, ದೇಹದ ಅಳತೆ ಕೇಳುವುದು ಇವು ಆರೋಪಗಳು. ಕೆಲಸದ ಮೇಲ್ವಿಚಾರಣೆಗಾಗಿ ಹಿಂದೆ ನಿಲ್ಲಬೇಕಾಗಿತ್ತು ಎಂಬುದು ಆತನ ಸಮಜಾಯಿಷಿ. ಕಾರ್ಮಿಕ ನ್ಯಾಯಾಲಯವು ಸಮಿತಿಯ ವರದಿಯನ್ನು ತಳ್ಳಿಹಾಕಿತ್ತು. ಮದ್ರಾಸ್ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಆ ಆದೇಶವನ್ನು ರದ್ದುಗೊಳಿಸಿ ಸಮಿತಿಯ ನಿಲುವನ್ನು ಎತ್ತಿಹಿಡಿಯಿತು. ಮಾಡಿದವನ ಉದ್ದೇಶಕ್ಕಿಂತ ಆ ನಡೆ ಎದುರಿನ ಮಹಿಳೆಗೆ ಬೇಡವಾಗಿತ್ತೇ ಎಂಬುದೇ ಮುಖ್ಯ ಎಂಬುದು ಆ ತೀರ್ಪಿನ ಸಾರ. “ನಗೆಚಾಟಿಕೆಗೆ ಅಂದೆ” ಎಂಬ ಉತ್ತರ ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

ಎರಡನೆಯದು ಪುಣೆಯ ಖಾಸಗಿ ಬ್ಯಾಂಕೊಂದರ ಪ್ರಕರಣ. 2022ರ ಜೂನ್‌ನಲ್ಲಿ ತರಬೇತಿ ನಡೆಯುತ್ತಿದ್ದಾಗ ಅಧಿಕಾರಿಯೊಬ್ಬನು ಸಹೋದ್ಯೋಗಿಯ ಉದ್ದನೆಯ ಕೂದಲನ್ನು ಕುರಿತು, ಇದನ್ನು ಸಂಭಾಳಿಸಲು ಜೆಸಿಬಿಯೇ ಬೇಕಾಗಬಹುದು ಎಂದು ಹಾಸ್ಯ ಮಾಡಿ ಕೂದಲಿನ ಮೇಲಿನ ಒಂದು ಸಿನಿಮಾ ಹಾಡನ್ನು ಗುನುಗಿದ್ದನು. ಸಮಿತಿ ಆತನನ್ನು ತಪ್ಪಿತಸ್ಥನೆಂದಿತು. ಬಾಂಬೆ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ, ಆರೋಪವನ್ನು ನಿಜವೆಂದು ಒಪ್ಪಿದರೂ ಅಷ್ಟರಿಂದಲೇ ಲೈಂಗಿಕ ಕಿರುಕುಳ ಸಿದ್ಧವಾಗದು ಎಂದು ಹೇಳಿ ಸಮಿತಿಯ ವರದಿಯನ್ನು ರದ್ದುಮಾಡಿತು. ಮಾತು ಆಡಿದ ಸಮಯದಲ್ಲಿ ಅದನ್ನು ಆಕೆ ಕಿರುಕುಳವೆಂದು ಗ್ರಹಿಸಿದಂತೆ ಕಾಣುವುದಿಲ್ಲ ಎಂಬುದನ್ನೂ ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತು.

ಈ ಎರಡನ್ನೂ ಜೊತೆಗಿಟ್ಟು ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದೇ ಒಂದು ಹಗುರ ಮಾತು, ಅದು ಎಷ್ಟೇ ಕೀಳು ಅಭಿರುಚಿಯದಾಗಿದ್ದರೂ, ಸಮಿತಿಯ ಮುಂದೆ ದುರ್ಬಲ. ಅಂಥ ಮಾತುಗಳ ಸರಣಿ, ಅವು ಬೇಡವಾಗಿದ್ದವು ಎಂಬುದರ ಅಂದಿನಂದಿನ ಗುರುತು ಮತ್ತು ಕೆಲಸದ ಮೇಲೆ ಆದ ಪರಿಣಾಮ ಈ ಮೂರೂ ಕೂಡಿದಾಗ ದೂರು ಬಲಗೊಳ್ಳುತ್ತದೆ. ಈ ಮೂರನ್ನು ಹಿಡಿದಿಡುವ ಸಾಧನವೇ ದಿನಚರಿ.

ಒಂದು ಕಲ್ಪಿತ ಪ್ರಸಂಗ

ವಿಷಯದ ಸ್ಪಷ್ಟತೆಗಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಮೇಲವಂಕಿಯ ಮಹಿಳೆಯೊಬ್ಬಳು ಗೋಕಾಕದ ತಿನಿಸು ತಯಾರಿಕಾ ಘಟಕದಲ್ಲಿ ಲೆಕ್ಕ ಬರೆಯುತ್ತಾಳೆ. ಘಟಕದಲ್ಲಿ ಒಟ್ಟು 16 ಜನ. ಆರು ಜನ ತಿಂಗಳ ಸಂಬಳದವರು, ಹತ್ತು ಜನ ದಿನಗೂಲಿಯ ಮೇಲೆ ಪ್ಯಾಕಿಂಗ್ ಮಾಡುವವರು. ಆಕೆಯ ಮೇಲಧಿಕಾರಿ ಅಲ್ಲಿಯ ಮ್ಯಾನೇಜರ್.

ಫೆಬ್ರವರಿ 3ರಂದು ಆತ “ಈ ಹಸಿರ ಸೀರಿ ನಿಮಗ ಭಾಳ ಒಪ್ಪತೈತಿ” ಎನ್ನುತ್ತಾನೆ. ಇದೊಂದನ್ನೇ ಹಿಡಿದು ಯಾರೂ ದೂರು ಕೊಡಲಾರರು. ಫೆಬ್ರವರಿ 11ರಂದು ಇತರರ ಎದುರಿಗೆ “ಗಂಡಾ ಪುಣೇಕ ಹೋದ್ರ ರಾತ್ರಿ ಹೊತ್ತು ಹೆಂಗ ಹೋಗತೈತಿ ನಿಮಗ?” ಎಂದು ಕೇಳಿ ನಗುತ್ತಾನೆ. ಫೆಬ್ರವರಿ 19ರ ರಾತ್ರಿ 9.40ಕ್ಕೆ ಮೊಬೈಲಿಗೆ ಸಂದೇಶ ಬರುತ್ತದೆ: “ಮಲಗಿದಿರೇನು? ನನಗ ನಿದ್ದಿ ಬರವಲ್ದು.” ಆಕೆ ಉತ್ತರಿಸುವುದಿಲ್ಲ. ಫೆಬ್ರವರಿ 27ರಂದು ರಜೆಯ ಅರ್ಜಿ ಕೊಟ್ಟಾಗ “ರಜಾ ಕೊಡೂನು, ನೀವೂ ನಮಗ ಏನರ ಕೊಡಬೇಕಲ್ಲ” ಎನ್ನುತ್ತಾನೆ. ಆಗ ಆಕೆ “ಸಾಹೇಬರ, ನನ್ನ ಕೂಡ ಕೆಲಸದ ಮಾತಷ್ಟ ಆಡ್ರಿ” ಎಂದು ಹೇಳಿ ಹೊರಬರುತ್ತಾಳೆ. ಮಾರ್ಚ್ 5ರಂದು ಆಕೆಯನ್ನು ಲೆಕ್ಕದ ಮೇಜಿನಿಂದ ತೆಗೆದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಹಾಕಲಾಗುತ್ತದೆ. ಮಾರ್ಚ್ 14ರಂದು ಗೋದಾಮಿಗೆ ಬಂದ ಆತ “ಸಿಟ್ಟು ಬಿಟ್ಟು ನಮ್ಮನ್ನೂ ಜರಾ ಖುಷಿ ಇಟ್ರ ಮೊದಲಿನ ಖುರ್ಚಿ ಐತಿ” ಎನ್ನುತ್ತಾನೆ.

ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ನೆಪ ಸಿಗುತ್ತದೆ. ಸಾಲಾಗಿ ಜೋಡಿಸಿದಾಗ ಮಾತು ಉಡುಗೆಯಿಂದ ರಾತ್ರಿಗೆ, ರಾತ್ರಿಯಿಂದ ಸಂದೇಶಕ್ಕೆ, ಅಲ್ಲಿಂದ ರಜೆಯ ವಿನಿಮಯಕ್ಕೆ, ಕೊನೆಗೆ ಕುರ್ಚಿಯ ಆಮಿಷಕ್ಕೆ ಏರಿದ್ದು ಕಾಣುತ್ತದೆ.

ಬರೆದಿಡುವ ಕ್ರಮ

“ಮ್ಯಾನೇಜರ್ ಯಾವಾಗಲೂ ಕೆಟ್ಟದಾಗಿ ಮಾತನಾಡುತ್ತಾರೆ” ಎಂಬ ವಾಕ್ಯ ದೂರಿನಲ್ಲಿ ಇದ್ದರೂ ಇಲ್ಲದಂತೆಯೇ. ಯಾವಾಗ, ಎಲ್ಲಿ, ಏನು ಎಂದು ಸಮಿತಿ ಕೇಳಿದಾಗ ನಾಲ್ಕು ತಿಂಗಳ ಹಿಂದಿನದನ್ನು ನೆನಪಿನಿಂದ ಹೇಳಹೊರಟರೆ ದಿನಾಂಕಗಳು ಕಲಸಿಹೋಗುತ್ತವೆ, ಆ ಗೊಂದಲವೇ ಎದುರು ಪಕ್ಷದ ಆಸರೆಯಾಗುತ್ತದೆ. ಅದೇ ವಿಷಯವನ್ನು ಅಂದೇ ಹೀಗೆ ಬರೆದರೆ ಬೆಲೆ ಬೇರೆ: “ಫೆಬ್ರವರಿ 27, ಮಧ್ಯಾಹ್ನ ಸುಮಾರು 3.15, ಮ್ಯಾನೇಜರ್ ಕೋಣೆ. ರಜೆ ಅರ್ಜಿ ಕೊಡಲು ಹೋಗಿದ್ದೆ. ಅವರು ಅಂದದ್ದು: ‘ರಜಾ ಕೊಡೂನು, ನೀವೂ ನಮಗ ಏನರ ಕೊಡಬೇಕಲ್ಲ.’ ನಕ್ಕರು. ಕೆಲಸದ ಮಾತಷ್ಟೇ ಆಡಿರಿ ಎಂದೆ. ಬಾಗಿಲ ಹೊರಗೆ ಪ್ಯಾಕಿಂಗ್‌ನ ಒಬ್ಬ ಅಕ್ಕ ನಿಂತಿದ್ದರು. ರಜೆಗೆ ಅಂದು ಸಹಿ ಆಗಲಿಲ್ಲ.”

ಈ ಟಿಪ್ಪಣಿಯಲ್ಲಿ ಆರು ಸಂಗತಿಗಳಿವೆ: ದಿನಾಂಕ ಮತ್ತು ವೇಳೆ, ಸ್ಥಳ, ಆಡಿದ ಮಾತು ಆಡಿದಂತೆಯೇ, ಆಕೆ ಮಾಡಿದ್ದು, ಹತ್ತಿರ ಇದ್ದವರು ಮತ್ತು ಮುಂದೆ ಕೆಲಸದಲ್ಲಿ ಆದದ್ದು. ಮಾತನ್ನು ಗ್ರಾಂಥಿಕ ಭಾಷೆಗೆ ತಿರುಗಿಸದೆ ಆಡುಮಾತಿನಲ್ಲಿಯೇ ಬರೆಯಬೇಕು, ಏಕೆಂದರೆ ಎರಡರ್ಥ ಅಡಗಿರುವುದು ಆ ಮಾತಿನ ಧಾಟಿಯಲ್ಲಿಯೇ. “ಆತನ ಮನಸ್ಸಿನಲ್ಲಿ ಏನಿತ್ತೆಂದು ಗೊತ್ತು” ಎಂಬಂಥ ಊಹೆಗಳನ್ನು ಸೇರಿಸಬಾರದು. ಪುಟಸಂಖ್ಯೆಯುಳ್ಳ ನೋಟುಪುಸ್ತಕದಲ್ಲಿ ಶಾಯಿಯಿಂದ ಬರೆದು ಮನೆಯಲ್ಲಿಡುವುದು ಒಳ್ಳೆಯದು. ಕಚೇರಿಯ ಗಣಕಯಂತ್ರದಲ್ಲಿಟ್ಟರೆ ಬೇರೆಯವರ ಕೈಗೆ ಸಿಗಬಹುದು ಅಥವಾ ಕೆಲಸ ಬಿಟ್ಟ ದಿನ ಕೈತಪ್ಪಬಹುದು. ನಂತರ ಏನಾದರೂ ನೆನಪಾದರೆ ಹಳೆಯ ಪುಟ ತಿದ್ದದೆ ಹೊಸ ಪುಟದಲ್ಲಿ ಆ ದಿನದ ದಿನಾಂಕ ಹಾಕಿ ಬರೆಯಬೇಕು. ತಿದ್ದಿದ ಪುಟ ಇಡೀ ಪುಸ್ತಕದ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ.

ಮೊಬೈಲ್ ಸಂದೇಶವನ್ನು ಸಿಟ್ಟಿನಲ್ಲಿ ಅಳಿಸಬಾರದು. ಕಳಿಸಿದವನ ಸಂಖ್ಯೆ, ದಿನಾಂಕ, ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆದು, ಮೂಲ ಸಂದೇಶವನ್ನು ಆ ಫೋನಿನಲ್ಲಿಯೇ ಉಳಿಸಿಕೊಳ್ಳಬೇಕು. ಸಂಭಾಷಣೆಯ ಒಂದೇ ಸಾಲನ್ನು ಕತ್ತರಿಸಿ ಕೊಡುವುದು ಅಪಾಯಕರ. ಹಿಂದುಮುಂದಿನ ಸಾಲುಗಳನ್ನು ಎದುರು ಪಕ್ಷವೇ ಹಾಜರುಪಡಿಸಿದರೆ ಉಳಿದ ಆರೋಪಗಳೂ ಸಡಿಲಾಗುತ್ತವೆ. ಘಟಕದಲ್ಲಿ ಸಿಸಿಟಿವಿ ಇದ್ದರೆ ಅದರ ಚಿತ್ರಣ ಕೆಲವು ದಿನಗಳ ನಂತರ ತಾನಾಗಿಯೇ ಅಳಿದು ಹೊಸದು ದಾಖಲಾಗುತ್ತದೆ. ಆದುದರಿಂದ ಇಂಥ ದಿನದ ಚಿತ್ರಣ ಕಾಯ್ದಿಡಬೇಕೆಂಬ ಕೋರಿಕೆಯನ್ನು ತಡಮಾಡದೆ ಲಿಖಿತವಾಗಿ ಕೊಡಬೇಕು. ಕೆಲಸ ಬದಲಿಸಿದ ಆದೇಶ, ಸಹಿಯಾಗದ ರಜೆಯ ಅರ್ಜಿ, ಹಾಜರಿ ಪುಸ್ತಕದ ನಮೂದು ಇವು ಮಾತಿಗೂ ಪರಿಣಾಮಕ್ಕೂ ಕೊಂಡಿಯಾಗುತ್ತವೆ. ಆದರೆ ಸಂಬಂಧವಿಲ್ಲದ ವ್ಯಾಪಾರದ ಗುಪ್ತ ಕಾಗದಪತ್ರಗಳನ್ನು ಒಯ್ಯುವುದು ತಪ್ಪು, ಅದು ದೂರನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ.

ಬಾಯಿಬಿಟ್ಟು ಬೇಡವೆನ್ನದಿದ್ದರೆ ದೂರು ನಿಲ್ಲದು ಎಂಬ ತಪ್ಪು ತಿಳಿವಳಿಕೆಯಿದೆ. ಮ್ಯಾನೇಜರನ ಮುಂದೆ ನೌಕರಳ ಮೌನ ಒಪ್ಪಿಗೆಯಾಗುವುದಿಲ್ಲ. ಆದರೂ ಒಮ್ಮೆ ಹೇಳಿದ್ದು, ಇಲ್ಲವೇ ನಂಬಿಕೆಯ ಸಹೋದ್ಯೋಗಿಯ ಹತ್ತಿರ ಅಂದೇ ಹೇಳಿಕೊಂಡದ್ದು ಉಪಯೋಗಕ್ಕೆ ಬರುತ್ತದೆ.

ಮೂರು ತಿಂಗಳ ಗಡುವು

ಘಟನೆ ನಡೆದ ದಿನದಿಂದ, ಸರಣಿಯಾಗಿದ್ದರೆ ಕೊನೆಯ ಘಟನೆಯ ದಿನದಿಂದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಬೇಕು. ಆ ಅವಧಿಯಲ್ಲಿ ದೂರು ಕೊಡಲಾಗದ ಪರಿಸ್ಥಿತಿ ಇತ್ತೆಂದು ಸಮಿತಿಗೆ ಮನವರಿಕೆಯಾದರೆ ಕಾರಣ ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು, ಅದಕ್ಕಿಂತ ಹೆಚ್ಚಿಲ್ಲ.

ಈ ಗಡುವಿನ ಕಠಿಣತೆಯನ್ನು ತೋರಿಸಿದ್ದು ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಕರಣ. ಅಲ್ಲಿ ಕಿರುಕುಳದ ಕೊನೆಯ ಘಟನೆ 2023ರ ಏಪ್ರಿಲ್‌ನದು, ದೂರು ಬಂದದ್ದು ಡಿಸೆಂಬರ್‌ನಲ್ಲಿ. ನಡುವೆ ತನ್ನನ್ನು ಹುದ್ದೆಯಿಂದ ತೆಗೆದದ್ದೂ ಕಿರುಕುಳದ ಮುಂದುವರಿಕೆಯೇ ಎಂದು ಅಧ್ಯಾಪಕಿ ವಾದಿಸಿದರು. ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್‌ನಲ್ಲಿ ಈ ವಾದವನ್ನು ಒಪ್ಪಲಿಲ್ಲ. ನಂತರದ ಆಡಳಿತ ಕ್ರಮಗಳು ತಾವಾಗಿಯೇ ಲೈಂಗಿಕ ಕಿರುಕುಳವಲ್ಲ ಎಂದು ಹೇಳಿ, ದೂರು ಅವಧಿ ಮೀರಿದ್ದೆಂಬ ತೀರ್ಮಾನವನ್ನು ಎತ್ತಿಹಿಡಿಯಿತು.

ಕಲ್ಪಿತ ಪ್ರಸಂಗಕ್ಕೆ ಇದನ್ನು ಅನ್ವಯಿಸಿದರೆ, ಗೋದಾಮಿಗೆ ಹಾಕಿದ ಶಿಕ್ಷೆ ಇನ್ನೂ ನಡೆದೇ ಇದೆಯೆಂದು ಆಕೆ ಕಾಯುತ್ತ ಕೂಡಬಾರದು. ಮಾರ್ಚ್ 14ರ ಮಾತೇ ಕೊನೆಯದೆಂದು ಎಣಿಸಿ ಜೂನ್ ಎರಡನೆಯ ವಾರದೊಳಗೆ ದೂರು ಕೊಡುವುದೇ ಸುರಕ್ಷಿತ.

ಸಮಿತಿ ಯಾರದು, ಎಲ್ಲಿದೆ?

ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯೂ ಲಿಖಿತ ಆದೇಶದ ಮೂಲಕ ಆಂತರಿಕ ಸಮಿತಿ ರಚಿಸಬೇಕು. ಸಣ್ಣ ಉದ್ದಿಮೆದಾರರು ಎಡವುವುದು ಎಣಿಕೆಯಲ್ಲಿ. ಕಲ್ಪಿತ ಘಟಕದ ಮಾಲೀಕರು “ಸಂಬಳದ ಪಟ್ಟಿಯಲ್ಲಿ ಆರೇ ಜನ, ಸಮಿತಿ ಬೇಕಿಲ್ಲ” ಎಂದು ತಿಳಿದಿರಬಹುದು. ಕಾಯ್ದೆಯ ವ್ಯಾಖ್ಯೆಯಲ್ಲಿ ದಿನಗೂಲಿಯವರು, ತಾತ್ಕಾಲಿಕ ನೌಕರರು, ಗುತ್ತಿಗೆಯವರು, ತರಬೇತಿಗೆ ಬಂದವರು ಎಲ್ಲರೂ ನೌಕರರೇ. ಆದುದರಿಂದ ಅಲ್ಲಿ ಎಣಿಕೆ 16 ಎಂದೇ ಹಿಡಿಯಬೇಕು. ಎಣಿಕೆ ಪುರುಷರು, ಮಹಿಳೆಯರು ಇಬ್ಬರನ್ನೂ ಕೂಡಿಸಿ.

ಸಮಿತಿಗೆ ಹಿರಿಯ ದರ್ಜೆಯ ಮಹಿಳಾ ನೌಕರಳು ಅಧ್ಯಕ್ಷೆ. ನೌಕರರಿಂದ ಕನಿಷ್ಠ ಇಬ್ಬರು ಸದಸ್ಯರು. ಮಹಿಳೆಯರ ಹಿತಕ್ಕಾಗಿ ದುಡಿಯುವ ಸಂಘಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲವರಿಂದ ಒಬ್ಬ ಹೊರಗಿನ ಸದಸ್ಯರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಅವಧಿ ಮೂರು ವರ್ಷ ಮೀರಬಾರದು. ತಮ್ಮ ಘಟಕದಲ್ಲಿ ಹಿರಿಯ ದರ್ಜೆಯ ಮಹಿಳೆಯೇ ಇಲ್ಲ ಎಂಬುದು ಸಣ್ಣ ತಯಾರಕರ ಸಾಮಾನ್ಯ ತೊಡಕು. ಇಂಥಲ್ಲಿ ಬೇರೆ ಸಂಸ್ಥೆಯ ಮಹಿಳೆಯನ್ನು ಅಧ್ಯಕ್ಷೆಯಾಗಿ ನೇಮಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಒಂದೇ ಪೇಟೆಯ ಎರಡು ಘಟಕಗಳು ಹೀಗೆ ಪರಸ್ಪರ ನೆರವಾಗಬಹುದು. ಹೊರಗಿನ ಸದಸ್ಯರಿಲ್ಲದ ಸಮಿತಿಯ ವರದಿ ಮೇಲ್ಮನವಿಯಲ್ಲಿ ಉಳಿಯುವುದು ಕಷ್ಟ. ದೂರು ಬಂದ ಮೇಲೆ ಅವಸರದಲ್ಲಿ ಮಾಲೀಕರ ಬಂಧುಗಳನ್ನು ಕೂಡಿಸಿದ ಸಮಿತಿಯೂ ಅಷ್ಟೇ.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯ ನೌಕರಳಿಗೆ ದಾರಿ ಬೇರೆ. ಪ್ರತಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು, ತಾಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ಸ್ವೀಕರಿಸಿ ಏಳು ದಿನಗಳೊಳಗೆ ಅದನ್ನು ಆ ಸಮಿತಿಗೆ ಕಳಿಸಬೇಕು ಎಂದು ಕಾಯ್ದೆ ವಿಧಿಸಿದೆ. ದೂರು ಮಾಲೀಕನ ಮೇಲೆಯೇ ಇದ್ದರೆ ಘಟಕ ಎಷ್ಟು ದೊಡ್ಡದಿದ್ದರೂ ಅದು ಸ್ಥಳೀಯ ಸಮಿತಿಗೇ ಹೋಗಬೇಕು. ಅಣ್ಣತಮ್ಮಂದಿರು ಪಾಲುದಾರರಾಗಿ ನಡೆಸುವ ಘಟಕಗಳಲ್ಲಿ ‘ಮೇಲಧಿಕಾರಿ’ ಮತ್ತು ‘ಮಾಲೀಕ’ ಒಬ್ಬನೇ ಆಗಿರುವುದುಂಟು. ಆದ್ದರಿಂದ ಈ ಅಂಶ ಮುಖ್ಯ. ಕೇಂದ್ರ ಸರಕಾರದ ಶೀ-ಬಾಕ್ಸ್ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದು.

ದೂರಿನಿಂದ ತೀರ್ಮಾನದವರೆಗೆ

ದೂರಿನ ಆರು ಪ್ರತಿಗಳನ್ನು ದಾಖಲೆಗಳೊಡನೆ ಹಾಗೂ ಸಾಕ್ಷಿಗಳ ಹೆಸರು, ವಿಳಾಸದೊಡನೆ ಸಲ್ಲಿಸಬೇಕು. ಬರೆಯಲು ಬಾರದವರಿಗೆ ಸಮಿತಿಯ ಸದಸ್ಯರೇ ಬರೆಯಲು ನೆರವಾಗಬೇಕು. ಸಮಿತಿಯು ಏಳು ಕೆಲಸದ ದಿನಗಳಲ್ಲಿ ಒಂದು ಪ್ರತಿಯನ್ನು ಆಪಾದಿತನಿಗೆ ಕಳಿಸುತ್ತದೆ, ಆತ ಹತ್ತು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಎರಡೂ ಕಡೆಯವರು ಸಮಿತಿಯ ಮುಂದೆ ವಕೀಲರನ್ನು ಕರೆತರುವಂತಿಲ್ಲ. ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಸದಸ್ಯರು ಹಾಜರಿದ್ದು ವಿಚಾರಣೆ ನಡೆಸಿ, 90 ದಿನಗಳಲ್ಲಿ ಮುಗಿಸಬೇಕು. ಮುಗಿದ ಹತ್ತು ದಿನಗಳಲ್ಲಿ ವರದಿ ಮಾಲೀಕರ ಕೈಸೇರಬೇಕು, ಅವರು 60 ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು.

ವಿಚಾರಣೆ ನಡೆಯುವಾಗ ಆಕೆ ಲಿಖಿತವಾಗಿ ಕೇಳಿಕೊಂಡರೆ ಇಬ್ಬರಲ್ಲೊಬ್ಬರನ್ನು ಬೇರೆಡೆಗೆ ವರ್ಗಾಯಿಸಲು, ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡಲು ಅಥವಾ ಆಕೆಯ ಕೆಲಸದ ಬಗ್ಗೆ ಆತ ವರದಿ ಬರೆಯದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಆಕೆ ಕೇಳದಿರುವಾಗ ಮಾಲೀಕರು ತಾವಾಗಿಯೇ ಆಕೆಯನ್ನು ಎತ್ತಂಗಡಿ ಮಾಡಿದರೆ ಅದು ಪರಿಹಾರವಾಗುವ ಬದಲು ಇನ್ನೊಂದು ಶಿಕ್ಷೆಯಂತೆ ಕಾಣುತ್ತದೆ.

ಈ ಭಾಗದಲ್ಲಿ ಹಿರಿಯರನ್ನು ಕೂಡಿಸಿ ಪಂಚಾಯ್ತಿ ಮಾಡಿ ಮುಗಿಸುವ ರೂಢಿ ಬಲವಾಗಿದೆ. ರಾಜಿಗೆ ಕಾಯ್ದೆಯಲ್ಲಿಯೂ ಎಡೆಯಿದೆ, ಆದರೆ ವಿಚಾರಣೆಗೆ ಮೊದಲು, ಆ ಮಹಿಳೆಯೇ ಕೇಳಿಕೊಂಡರೆ ಮಾತ್ರ. ಹಣ ಕೊಟ್ಟು ಮಾಡುವ ರಾಜಿಗೆ ಸ್ಪಷ್ಟ ನಿಷೇಧವಿದೆ. ಇನ್ನೊಂದು ದೋಷ ಗುಟ್ಟು ಬಯಲಾಗುವುದು. ಆಕೆಯ, ಆಪಾದಿತನ, ಸಾಕ್ಷಿಗಳ ಹೆಸರನ್ನು ಹೊರಗೆಡಹುವುದು ಕಾಯ್ದೆಯಂತೆ ತಪ್ಪು. ಪ್ರಕರಣವನ್ನು ನಿರ್ವಹಿಸುವ ಹೊಣೆಯುಳ್ಳವರು ಹಾಗೆ ಮಾಡಿದರೆ ಅವರಿಂದ ರೂ. 5,000 ದಂಡ ವಸೂಲು ಮಾಡಬಹುದು.

ಕಲ್ಪಿತ ಪ್ರಸಂಗವನ್ನು ಸಮಿತಿ ಹೇಗೆ ತೂಗಬಹುದು? ಸೀರೆಯ ಮಾತನ್ನು ಅದೊಂದನ್ನೇ ತೆಗೆದುಕೊಂಡು ತಪ್ಪೆನ್ನಲಾಗದು. ಫೆಬ್ರವರಿ 11ರ ಮಾತನ್ನು ಕೇಳಿದವರು ಕೆಲಸ ಹೋದೀತೆಂಬ ಭಯದಿಂದ “ನನಗ ನೆನಪಿಲ್ಲ” ಎನ್ನಬಹುದು, ಆ ಒಂದು ಆರೋಪ ಸಾಬೀತಾಗದೆ ಉಳಿಯಬಹುದು. ಆದರೆ 19ರ ರಾತ್ರಿಯ ಸಂದೇಶ ಫೋನಿನಲ್ಲಿದೆ. 27ರ ಟಿಪ್ಪಣಿಗೆ ಸಹಿಯಾಗದ ರಜೆಯ ಅರ್ಜಿ ಹೊಂದುತ್ತದೆ. ಅದಾದ ಒಂದು ವಾರದೊಳಗೆ ಕೆಲಸ ಬದಲಾದುದನ್ನು ಹಾಜರಿ ಪುಸ್ತಕ ಹೇಳುತ್ತದೆ, ಬದಲಿಸಲು ವ್ಯಾಪಾರದ ಕಾರಣವೇನೆಂದು ಕೇಳಿದಾಗ ಮ್ಯಾನೇಜರ್ ಉತ್ತರಿಸಬೇಕಾಗುತ್ತದೆ. ಫೌಜದಾರಿ ಮೊಕದ್ದಮೆಯಂತೆ ಸಂಶಯಾತೀತ ಪುರಾವೆ ಇಲ್ಲಿ ಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬುದೇ ಅಳತೆಗೋಲು. ತಪ್ಪು ಸಿದ್ಧವಾದರೆ ಲಿಖಿತ ಕ್ಷಮಾಪಣೆ, ಎಚ್ಚರಿಕೆ, ವೇತನ ಬಡ್ತಿಯ ತಡೆ, ಕೆಲಸದಿಂದ ವಜಾ ಇವುಗಳಲ್ಲಿ ತಪ್ಪಿಗೆ ತಕ್ಕುದನ್ನು ಸಮಿತಿ ಸೂಚಿಸುತ್ತದೆ. ಅತೃಪ್ತರು 90 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಸುಳ್ಳು ದೂರಿನ ಆತಂಕ ಮಾಲೀಕರಲ್ಲಿ ಸಹಜ. ದುರುದ್ದೇಶದಿಂದ, ಸುಳ್ಳೆಂದು ತಿಳಿದೇ ಕೊಟ್ಟ ದೂರಿಗೆ ಕ್ರಮವುಂಟು. ಆದರೆ ಆರೋಪ ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರಿತ್ತವಳನ್ನು ಶಿಕ್ಷಿಸುವಂತಿಲ್ಲ. ಮೇಲಿನ ಪ್ರಸಂಗದಲ್ಲಿ ಫೆಬ್ರವರಿ 11ರ ಆರೋಪ ಬಿದ್ದುಹೋದರೆ ಆಕೆ ಸುಳ್ಳುಗಾರ್ತಿಯಾಗುವುದಿಲ್ಲ.

ಸಮಿತಿಯನ್ನೇ ರಚಿಸದ ಮಾಲೀಕನಿಗೆ ರೂ. 50,000ದವರೆಗೆ ದಂಡವಿದೆ. ಅದೇ ತಪ್ಪಿಗೆ ಮತ್ತೆ ಶಿಕ್ಷೆಯಾದರೆ ದಂಡ ಇಮ್ಮಡಿಯಾಗಬಹುದು, ವ್ಯಾಪಾರದ ಪರವಾನಗಿಗೂ ಕುತ್ತು ಬರಬಹುದು. ಸಮಿತಿಯ ಆದೇಶದ ಪ್ರತಿಯನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ತೂಗುಹಾಕುವುದು ಕೂಡ ಮಾಲೀಕನ ಕರ್ತವ್ಯ. ಪ್ಯಾಕಿಂಗ್ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಸದಸ್ಯರ ಹೆಸರು, ಫೋನ್ ಸಂಖ್ಯೆ ಮತ್ತು ‘ಮೂರು ತಿಂಗಳೊಳಗೆ’ ಎಂಬ ಸೂಚನೆ ಇದ್ದರೆ, ಮೇಲವಂಕಿಯಿಂದ ಬಸ್ ಹತ್ತಿ ಬರುವ ನೌಕರಳಿಗೆ ದೂರನ್ನು ಯಾರ ಕೈಗೆ, ಎಂದಿನೊಳಗೆ ಕೊಡಬೇಕೆಂಬುದು ಮೊದಲೇ ತಿಳಿದಿರುತ್ತದೆ.